ತೋಟದ ಆಯವ್ಯಯ ಪಟ್ಟಿಯಲ್ಲಿ ಜಿಎಸ್‌ಟಿ: ಸೇರಿಸಿ ಬರೆಯುವುದೋ, ಬಿಟ್ಟು ಬರೆಯುವುದೋ?



ಹೊಸ ಲೆಕ್ಕದ ವರ್ಷಕ್ಕೆ ಬೆಳೆ ಸಾಲದ ಅರ್ಜಿಯ ಜೊತೆಗೆ ಖರ್ಚಿನ ಅಂದಾಜು ಪಟ್ಟಿಯನ್ನೂ ಲಗತ್ತಿಸಬೇಕಾಗುತ್ತದೆ. ಈ ಪಟ್ಟಿಗಳಲ್ಲಿ ಒಂದೇ ವಸ್ತುವಿಗೆ ಒಬ್ಬರು ತೆರಿಗೆ ಸೇರಿದ ದರ ಬರೆದಿರುತ್ತಾರೆ, ಇನ್ನೊಬ್ಬರು ತೆರಿಗೆ ಬಿಟ್ಟ ದರ ಬರೆದಿರುತ್ತಾರೆ. ಮತ್ತೊಬ್ಬರು ಎಲ್ಲ ಬರೆದು ಕೂಡಿಸಿ, ಕೊನೆಯ ಮೊತ್ತದ ಮೇಲೆ ನೂರಕ್ಕೆ 18 ಹಾಕಿಬಿಡುತ್ತಾರೆ. ಮೂವರ ತೋಟವೂ ಒಂದೇ ಅಳತೆಯದಾದರೂ ಮೂರು ಮೊತ್ತಗಳು ಬರುತ್ತವೆ. ಕಡಿಮೆ ಬರೆದವರಿಗೆ ಮಳೆಗಾಲದ ನಡುವೆ ಹಣ ಸಾಲದೆ ಹೋಗುತ್ತದೆ, ಹೆಚ್ಚು ಬರೆದವರು ಬೇಡದ ಸಾಲಕ್ಕೆ ಬಡ್ಡಿ ಕಟ್ಟುತ್ತಾರೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬಯಸುತ್ತೇವೆ.

ಪಟ್ಟಿಯ ಪ್ರತಿಯೊಂದು ಸಾಲನ್ನು ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ವಸ್ತುವಿನ ಮೇಲೆ ನಾವು ಕೊಡುವ ತೆರಿಗೆ ನಮಗೆ ಮುಂದೆ ಹೊಂದಾಣಿಕೆಯಾಗಿ ಒದಗುತ್ತದೆಯೇ, ಇಲ್ಲವೇ? ಒದಗದಿದ್ದರೆ ಆ ತೆರಿಗೆಯೂ ನಮ್ಮ ಖರ್ಚೇ. ತೆರಿಗೆ ಸೇರಿದ ಮೊತ್ತವನ್ನೇ ಬರೆಯಬೇಕು. ಒದಗುವುದಾದರೆ ಅದು ಖರ್ಚಲ್ಲ. ವಸ್ತುವಿನ ಬೆಲೆಯನ್ನು ಒಂದು ಸಾಲಿನಲ್ಲಿ, ತೆರಿಗೆಯನ್ನು ಬೇರೆ ಸಾಲಿನಲ್ಲಿ ತೋರಿಸಬೇಕು.

ನಮ್ಮ ಬಹುಪಾಲು ಸದಸ್ಯರು ಮೊದಲನೆಯ ಗುಂಪಿನವರು. ಸ್ವಂತ ಜಮೀನಿನಲ್ಲಿ ತಾವೇ, ಮನೆಯವರ ಜೊತೆಗೂಡಿ, ಇಲ್ಲವೇ ತಮ್ಮ ಉಸ್ತುವಾರಿಯಲ್ಲಿ ಕೂಲಿಯಾಳುಗಳಿಂದ ಬೆಳೆ ತೆಗೆದು ಆ ಬೆಳೆಯನ್ನಷ್ಟೇ ಮಾರುವ ಕೃಷಿಕರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಹುರಿಯದ ಕಾಫಿ ಬೀಜಕ್ಕಂತೂ ತೆರಿಗೆಯೇ ಇಲ್ಲ. ಕೇಳಲು ಇದು ಲಾಭದ ಮಾತಾಗಿ ತೋರುತ್ತದೆ. ಆದರೆ ಇದಕ್ಕೆ ಇನ್ನೊಂದು ಮುಖವುಂಟು. ಮಾರುವಾಗ ತೆರಿಗೆ ವಸೂಲು ಮಾಡದವರಿಗೆ, ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಹೊಂದಿಸಿಕೊಳ್ಳುವ ಹಕ್ಕೂ ಇಲ್ಲ. ಗೊಬ್ಬರ, ಮೈಲುತುತ್ತ, ಸಿಮೆಂಟು ಇವುಗಳ ಮೇಲೆ ಕೊಟ್ಟ ತೆರಿಗೆ ಅಲ್ಲಿಗೇ ಮುಗಿಯಿತು, ಅದು ತೋಟದ ಖರ್ಚು.

ಅಡಿಕೆ ತೋಟದ ಕೊಳೆರೋಗದ ಔಷಧಿಯ ಬಾಬ್ತನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನೂರಕ್ಕೆ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಗೊತ್ತಿದೆ. ಒಂದು ಸಲಕ್ಕೆ 200 ಲೀಟರಿನ ಹತ್ತು ಡ್ರಮ್ಮು ಬೇಕೆಂದು ಇಟ್ಟುಕೊಂಡರೆ, ಎರಡು ಸಲಕ್ಕೆ 40 ಕಿಲೋ ಮೈಲುತುತ್ತ, 40 ಕಿಲೋ ಸುಣ್ಣ. ಲೆಕ್ಕದ ಅನುಕೂಲಕ್ಕಾಗಿ ಮೈಲುತುತ್ತಕ್ಕೆ ತೆರಿಗೆ ಬಿಟ್ಟು ಕಿಲೋಗೆ 300 ರೂ., ಸುಣ್ಣಕ್ಕೆ 20 ರೂ. ಎಂದಿಟ್ಟುಕೊಳ್ಳೋಣ.

ಮೈಲುತುತ್ತದ ಬೆಲೆ 12,000 ರೂ., ಅದಕ್ಕೆ ನೂರಕ್ಕೆ 18ರಂತೆ ತೆರಿಗೆ 2,160 ರೂ., ಒಟ್ಟು 14,160 ರೂ. ಸುಣ್ಣದ ಬೆಲೆ 800 ರೂ., ನೂರಕ್ಕೆ 5ರಂತೆ ತೆರಿಗೆ 40 ರೂ., ಒಟ್ಟು 840 ರೂ. ಔಷಧಿ ಹೊಡೆಯುವವರ ಕೂಲಿ 18,000 ರೂ.; ಕೂಲಿಗೆ ಜಿಎಸ್‌ಟಿ ಇಲ್ಲ. ಎಲ್ಲ ಸೇರಿ 33,000 ರೂ. ಆಗುತ್ತದೆ. ನೋಂದಣಿ ಇಲ್ಲದ ಕೃಷಿಕರು ಪಟ್ಟಿಯಲ್ಲಿ ಬರೆಯಬೇಕಾದದ್ದು ಈ 33,000.

ಅಂಗಡಿಯವರು ಬಾಯಲ್ಲಿ ಹೇಳಿದ 300 ಮತ್ತು 20ರ ದರವನ್ನೇ ಹಿಡಿದು ಬರೆದವರ ಪಟ್ಟಿಯಲ್ಲಿ 30,800 ರೂ. ಇರುತ್ತದೆ, 2,200 ರೂ. ಕಡಿಮೆ. ಈ ಕೊರತೆ ಒಂದು ಬಾಬ್ತಿನದು ಮಾತ್ರ. ಗೊಬ್ಬರ, ಪೈಪು, ರಿಪೇರಿ ಎಲ್ಲವನ್ನೂ ಹೀಗೆಯೇ ಬರೆದರೆ ಕೊರತೆ ಬೆಳೆಯುತ್ತಾ ಹೋಗುತ್ತದೆ. ಇನ್ನು 30,800ರ ಮೇಲೆ ಒಟ್ಟಾಗಿ 18 ಹಾಕಿದವರ ಮೊತ್ತ 36,344 ರೂ. ಇಲ್ಲಿ ಕೂಲಿಗೂ ತೆರಿಗೆ ಹಾಕಿದಂತಾಯಿತು, ಸುಣ್ಣಕ್ಕೆ ಹೆಚ್ಚು ಹಾಕಿದಂತಾಯಿತು, 3,344 ರೂ. ವ್ಯರ್ಥವಾಗಿ ಏರಿತು. ಆದ್ದರಿಂದ ತೆರಿಗೆಯನ್ನು ಯಾವಾಗಲೂ ಆಯಾ ಸಾಲಿನಲ್ಲೇ ಹಾಕಬೇಕು, ಕೊನೆಯ ಮೊತ್ತದ ಮೇಲೆ ಹಾಕಬಾರದು. ಡೀಸೆಲ್ ಮತ್ತು ಪೆಟ್ರೋಲಿನ ಸಾಲಿಗೂ ಜಿಎಸ್‌ಟಿ ಸೇರಿಸಬಾರದು. ಅವು ಇನ್ನೂ ಜಿಎಸ್‌ಟಿಯ ಹೊರಗಿವೆ. ಬಂಕಿನಲ್ಲಿ ಕೊಡುವ ದರವೇ ಪೂರ್ಣ ದರ.

ಗೊಬ್ಬರದ ವಿಷಯದಲ್ಲಿ ತಪ್ಪು ಎದುರು ದಿಕ್ಕಿನಿಂದ ಬರುತ್ತದೆ. ಚೀಲದ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಅದರ ಮೇಲೆ ಮತ್ತೆ ನೂರಕ್ಕೆ 5 ಸೇರಿಸಿದರೆ ಒಂದೇ ತೆರಿಗೆಯನ್ನು ಎರಡು ಸಲ ಬರೆದಂತೆ. ಸೇರಿದ ಮೊತ್ತದೊಳಗೆ ತೆರಿಗೆ ಎಷ್ಟೆಂದು ತಿಳಿಯಬೇಕಾದಾಗಲೂ ಎಚ್ಚರ ಬೇಕು. ತೆರಿಗೆ ಸೇರಿ 11,800 ರೂ. ಎಂದಿರುವ ಬಿಲ್ಲಿನಲ್ಲಿ 18ರ ದರದ ತೆರಿಗೆ ಎಷ್ಟು? 11,800ಕ್ಕೆ ನೂರಕ್ಕೆ 18 ಎಂದು ಗುಣಿಸಿದರೆ 2,124 ಬರುತ್ತದೆ, ಅದು ತಪ್ಪು. 118ರಿಂದ ಭಾಗಿಸಿ 100ರಿಂದ ಗುಣಿಸಿದರೆ ಮೂಲ ಬೆಲೆ 10,000 ಸಿಗುತ್ತದೆ. ಉಳಿದ 1,800 ತೆರಿಗೆ.

ಕೊಟೇಶನ್ ಪಡೆಯುವಾಗಲೂ ಇದೇ ಜಾಗ್ರತೆ ಬೇಕು. ಒಬ್ಬ ವ್ಯಾಪಾರಿ ಸ್ಪ್ರೇಯರಿಗೆ 20,500 ರೂ. ಎಂದು, ಇನ್ನೊಬ್ಬ 20,000 ರೂ. ‘ತೆರಿಗೆ ಪ್ರತ್ಯೇಕ’ ಎಂದು ಬರೆದುಕೊಟ್ಟರೆ ಎರಡನೆಯದು ಅಗ್ಗವಲ್ಲ. ತೆರಿಗೆ ಸೇರಿದ ಮೇಲೆ ಅದು 21,000 ರೂ. ಆಗುತ್ತದೆ. ಕೊಟೇಶನ್ನಿನಲ್ಲಿ ತೆರಿಗೆಯ ದರವನ್ನೂ ದಿನಾಂಕವನ್ನೂ ಬರೆಸಿಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ಹಲವು ದರಗಳು ಬದಲಾಗಿವೆ: ಸ್ಪ್ರಿಂಕ್ಲರ್, ಹನಿ ನೀರಾವರಿ ಸಲಕರಣೆ ಮತ್ತು ಯಾಂತ್ರಿಕ ಸ್ಪ್ರೇಯರಿನ ದರ 12ರಿಂದ 5ಕ್ಕೆ ಇಳಿಯಿತು, ಸಿಮೆಂಟಿನದು 28ರಿಂದ 18ಕ್ಕೆ ಇಳಿಯಿತು. ಅದಕ್ಕೂ ಹಿಂದಿನ ಕೊಟೇಶನ್ನಿನಲ್ಲಿ ಅದೇ 20,000ದ ಸ್ಪ್ರೇಯರಿಗೆ 22,400 ಎಂದಿರುತ್ತದೆ. ಅದನ್ನು ನೋಡಿ ಈಗಿನ ಪಟ್ಟಿ ಬರೆಯಬಾರದು.

ಇನ್ನು ಎರಡನೆಯ ಗುಂಪು. ಕೆಲವು ಸದಸ್ಯರ ಮನೆಯಲ್ಲಿ ಮಕ್ಕಳು ಕಾಫಿ ಹುರಿದು, ಪುಡಿಮಾಡಿ, ಪೊಟ್ಟಣ ಕಟ್ಟಿ ಮಾರಲು ತೊಡಗಿದ್ದಾರೆ. ಹುರಿದ ಕಾಫಿಗೆ ನೂರಕ್ಕೆ 5 ತೆರಿಗೆಯುಂಟು. ನೋಂದಣಿ ಮಾಡಿಸಿ ಈ ತೆರಿಗೆಯನ್ನು ವಸೂಲು ಮಾಡಿ ಕಟ್ಟುವವರು, ತಾವು ಕೊಂಡ ಯಂತ್ರ ಮತ್ತು ಸಾಮಗ್ರಿಗಳ ಮೇಲಿನ ತೆರಿಗೆಯನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಇದನ್ನೇ ಹೂಡುವಳಿ ತೆರಿಗೆ ಜಮೆ, ಬಳಕೆಯ ಮಾತಿನಲ್ಲಿ ಇನ್‌ಪುಟ್ ಕ್ರೆಡಿಟ್ ಎನ್ನುತ್ತಾರೆ.

ಹುರಿಯುವ ಯಂತ್ರಕ್ಕೆ 2,00,000 ರೂ. ಮತ್ತು ತೆರಿಗೆ 36,000 ರೂ., ಪೊಟ್ಟಣದ ಪ್ಲಾಸ್ಟಿಕ್ ಚೀಲಕ್ಕೆ 40,000 ರೂ. ಮತ್ತು ತೆರಿಗೆ 7,200 ರೂ. ಎಂದಿಟ್ಟುಕೊಳ್ಳೋಣ. ಇವರ ಪಟ್ಟಿಯಲ್ಲಿ ಯಂತ್ರದ ಸಾಲಿನಲ್ಲಿ 2,00,000, ಚೀಲದ ಸಾಲಿನಲ್ಲಿ 40,000 ಬರಬೇಕು. ಎರಡರ ತೆರಿಗೆ 43,200 ರೂ. ‘ಹೊಂದಾಣಿಕೆಯಾಗುವ ತೆರಿಗೆ’ ಎಂಬ ಬೇರೆ ಸಾಲಿಗೆ ಹೋಗಬೇಕು. ವರ್ಷದಲ್ಲಿ 6,00,000 ರೂ. ಪುಡಿ ಮಾರಿದರೆ ವಸೂಲಾಗುವ ತೆರಿಗೆ 30,000 ರೂ. ಅದು ಆದಾಯವಲ್ಲ, ಮಾರಾಟದ ಸಾಲಿನಲ್ಲಿ 6,00,000 ಮಾತ್ರ ಇರಬೇಕು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಟ್ಟಬೇಕಾದ 30,000ಕ್ಕೆ ಜಮೆ 43,200 ಇದೆ; ಮಿಕ್ಕ 13,200 ರೂ. ಮುಂದಿನ ವರ್ಷಕ್ಕೆ ಹೋಗುತ್ತದೆ. ಯಂತ್ರದ ಮೇಲಿನ ತೆರಿಗೆ ಮಿಕ್ಕಿತೆಂದು ಅದನ್ನು ಕೈಗೆ ಹಣವಾಗಿ ಮರಳಿ ಕೊಡುವುದಿಲ್ಲ. ಆದರೆ ಯಂತ್ರ ಕೊಳ್ಳುವ ದಿನ 2,36,000 ರೂಪಾಯಿಯನ್ನೂ ಎಣಿಸಿಕೊಡಲೇಬೇಕು. ಅಂದರೆ ಖರ್ಚಿನ ಪಟ್ಟಿಯಲ್ಲಿ ತೆರಿಗೆ ಬಿಟ್ಟು ಬರೆದರೂ, ಯಾವ ತಿಂಗಳಿಗೆ ಎಷ್ಟು ಹಣ ಬೇಕೆಂಬ ಪಟ್ಟಿಯಲ್ಲಿ ತೆರಿಗೆ ಸೇರಿಸಿಯೇ ಬರೆಯಬೇಕು. ಹಾಗೆಯೇ, ಜಮೆ ತೆಗೆದುಕೊಂಡ ಮೇಲೆ ಆ ತೆರಿಗೆಯನ್ನು ಯಂತ್ರದ ಬೆಲೆಗೆ ಸೇರಿಸಿ ಸವಕಳಿ ಹಾಕುವಂತಿಲ್ಲ. ಎರಡರಲ್ಲಿ ಒಂದು ಮಾತ್ರ.

ಅದೇ ನೋಂದಣಿಯಲ್ಲಿ ಪುಡಿಯ ಜೊತೆಗೆ ಹುರಿಯದ ಬೀಜವನ್ನೂ ಮಾರಿದರೆ ಏನು? ಪುಡಿ 6,00,000, ಬೀಜ 4,00,000 ಎನ್ನೋಣ. ಪುಡಿಗೆ ಮಾತ್ರ ಬಳಸಿದ ಚೀಲದ ತೆರಿಗೆ ಪೂರ್ತಿ ಸಿಗುತ್ತದೆ. ಬೀಜಕ್ಕೆ ಮಾತ್ರ ಬಳಸಿದ್ದರ ತೆರಿಗೆ ಸಿಗುವುದೇ ಇಲ್ಲ. ಎರಡಕ್ಕೂ ಸೇರಿದ ಖರ್ಚಿನದು ವಹಿವಾಟಿನ ಪ್ರಮಾಣದಲ್ಲಿ ಸಿಗುತ್ತದೆ. ಲೆಕ್ಕಿಗರ ಶುಲ್ಕ 20,000ಕ್ಕೆ ತೆರಿಗೆ 3,600 ಆದರೆ, ನೂರಕ್ಕೆ 60ರಂತೆ 2,160 ಜಮೆ. ಉಳಿದ 1,440 ಖರ್ಚು. ಪಟ್ಟಿಯಲ್ಲಿ ಶುಲ್ಕದ ಸಾಲು 21,440 ಎಂದಾಗಬೇಕು. ಮೇಲೆ ಹೇಳಿದ ಅಡಿಕೆ ತೋಟದ ಮೈಲುತುತ್ತದ ಬಿಲ್ಲನ್ನು ಪುಡಿಯ ವ್ಯಾಪಾರದ ಜಮೆಗೆ ಸೇರಿಸಬಾರದೆಂದು ಬೇರೆ ಹೇಳಬೇಕಾಗಿಲ್ಲ.

ನೋಂದಣಿ ಇದ್ದ ಮಾತ್ರಕ್ಕೆ ಜಮೆ ತಾನಾಗಿ ಬಂದು ಸೇರುವುದಿಲ್ಲ. ಬಿಲ್ಲು ನೋಂದಾಯಿತ ವ್ಯಾಪಾರದ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯಲ್ಲೇ ಇರಬೇಕು. ತಂದೆಯ ಹೆಸರಿನ ಬಿಲ್ಲು ಮಗನ ವ್ಯಾಪಾರಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಮಾರಿದವರು ಆ ಬಿಲ್ಲನ್ನು ತಮ್ಮ ವಿವರಣೆಯಲ್ಲಿ ತೋರಿಸಿದ್ದರೆ ಮಾತ್ರ ಅದು ನಮ್ಮ GSTR-2B ಪಟ್ಟಿಯಲ್ಲಿ ಕಾಣುತ್ತದೆ. ಅಲ್ಲಿ ಕಾಣದ ಬಿಲ್ಲಿನ ಜಮೆಯನ್ನು ತೆಗೆದುಕೊಳ್ಳುವಂತಿಲ್ಲ. ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಹಣ ಪಾವತಿಯಾಗದಿದ್ದರೆ ತೆಗೆದುಕೊಂಡ ಜಮೆಯನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕಾಗುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಬಿಲ್ಲಿನ ಕಟ್ಟನ್ನೂ ಆ ಪಟ್ಟಿಯನ್ನೂ ಎದುರಿಟ್ಟುಕೊಂಡು ತಾಳೆ ನೋಡಬೇಕು. ಕಾಣದ ಬಿಲ್ಲಿದ್ದರೆ ಮಾರಿದವರಿಗೆ ಕೂಡಲೇ ತಿಳಿಸಬೇಕು. ರಾಜಿ ತೆರಿಗೆ ಪದ್ಧತಿ, ಎಂದರೆ ಕಾಂಪೊಸಿಷನ್, ಆರಿಸಿಕೊಂಡವರಿಗೆ ನೋಂದಣಿ ಇದ್ದರೂ ಜಮೆ ಇಲ್ಲ. ಅವರು ಸಣ್ಣ ಕೃಷಿಕರಂತೆಯೇ ತೆರಿಗೆ ಸೇರಿಸಿ ಬರೆಯಬೇಕು.

ಸಂಘದ ದಾಸ್ತಾನು ಪುಸ್ತಕದಲ್ಲಿ ಗೊಬ್ಬರದ ಬೆಲೆ ಕಡಿಮೆಯಿದ್ದು ತಮ್ಮ ಬಿಲ್ಲಿನಲ್ಲಿ ಹೆಚ್ಚಿರುವುದೇಕೆಂದು ಸದಸ್ಯರು ಕೇಳುವುದುಂಟು. ಸಂಘವು ತೆರಿಗೆ ವಸೂಲು ಮಾಡಿ ಗೊಬ್ಬರ ಮಾರುವುದರಿಂದ ಅದರ ಖರೀದಿಯ ತೆರಿಗೆ ಹೊಂದಾಣಿಕೆಯಾಗುತ್ತದೆ. ಹಾಗಾಗಿ ಪುಸ್ತಕದಲ್ಲಿ ತೆರಿಗೆ ಬಿಟ್ಟ ಬೆಲೆ ಇರುತ್ತದೆ. ಅದೇ ಚೀಲ ಸದಸ್ಯರ ಕೊಟ್ಟಿಗೆಗೆ ಬಂದಾಗ ತೆರಿಗೆ ಅವರಲ್ಲೇ ನಿಲ್ಲುತ್ತದೆ. ಎರಡೂ ಅಂಕಿಗಳು ಅವರವರ ಪುಸ್ತಕದಲ್ಲಿ ಸರಿಯಾದವೇ.

ಈ ಸಲ ಪಟ್ಟಿ ಬರೆಯುವಾಗ ತಲೆಬರಹದ ಕೆಳಗೆ ‘ಎಲ್ಲ ಮೊತ್ತಗಳೂ ಜಿಎಸ್‌ಟಿ ಸೇರಿ’ ಅಥವಾ ‘ಜಿಎಸ್‌ಟಿ ಬಿಟ್ಟು’ ಎಂದು ಒಂದು ಸಾಲು ಸ್ಪಷ್ಟವಾಗಿ ಬರೆಯಬೇಕೆಂದೂ, ಕೊಟೇಶನ್ನುಗಳನ್ನು ಅದರೊಂದಿಗೆ ಲಗತ್ತಿಸಬೇಕೆಂದೂ ಕೋರುತ್ತೇವೆ. ಸಂದೇಹವಿರುವ ಬಿಲ್ಲುಗಳನ್ನು ಕಚೇರಿಗೆ ತಂದರೆ ಕುಳಿತು ನೋಡಿ ಹೇಳುತ್ತೇವೆ.

— ಕಾರ್ಯದರ್ಶಿ