‘ಹೌ ಮೆನಿ ಮೋರ್’ ಪಕ್ಕದ ಕನ್ನಡ ಸಾಲು

ಇಂಗ್ಲಿಷಿನ ವಿಷಯ ಪದವನ್ನು ಹಾಗೆಯೇ ಉಳಿಸಿಕೊಂಡು ಅದರ ಪಕ್ಕದಲ್ಲಿ ಮನೆಮಾತಿನ ಸರಳ ವಿವರಣೆಯನ್ನು ಕೊಡುವ ಕಲಿಕಾ ಹಾಳೆಗೆ ದ್ವಿಭಾಷಾ ಹಾಳೆ ಎನ್ನುತ್ತಾರೆ. ಕರ್ನಾಟಕ ಸರ್ಕಾರವು 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆದ ಮೇಲೆ, ಮತ್ತು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಗಣಿತ ಹಾಗೂ ವಿಜ್ಞಾನಕ್ಕೆ ದ್ವಿಭಾಷಾ ಪಠ್ಯಪುಸ್ತಕಗಳು ಬೇಕೆಂದು ಹೇಳಿದ ಮೇಲೆ, ಇಂಥ ಹಾಳೆಗಳನ್ನು ಸಿದ್ಧಪಡಿಸುವ ಕೆಲಸ ಅನೇಕ ಶಿಕ್ಷಕರ ಪಾಲಿಗೆ ಬಂದಿದೆ. ಪಕ್ಕದ ಕನ್ನಡ ಸಾಲಿನಲ್ಲಿ ಏನನ್ನು ಬರೆಯಬೇಕು ಎಂಬ ಪ್ರಶ್ನೆ ಅಲ್ಲಿ ಪದೇ ಪದೇ ಎದುರಾಗುತ್ತದೆ. ಎರಡನೇ ತರಗತಿಯ ಹೋಲಿಕೆಯ ಲೆಕ್ಕಗಳಲ್ಲಿ, ಅಂದರೆ ಎರಡು ಗುಂಪುಗಳಲ್ಲಿ ಯಾವುದು ಎಷ್ಟು ಹೆಚ್ಚು ಎಂದು ಕೇಳುವ ಲೆಕ್ಕಗಳಲ್ಲಿ, ಈ ಪ್ರಶ್ನೆ ತೀರ ಕಠಿಣವಾಗುತ್ತದೆ.

ಉದಾಹರಣೆಗೆ, ಬಿಸಿಯೂಟದ ಚಿತ್ರವೊಂದರಲ್ಲಿ ಒಂಬತ್ತು ಮಕ್ಕಳೂ ಆರು ತಟ್ಟೆಗಳೂ ಇವೆ ಎಂದಿಟ್ಟುಕೊಳ್ಳಬಹುದು. ಅದರ ಕೆಳಗೆ ಇಂಗ್ಲಿಷಿನಲ್ಲಿ ‘ಹೌ ಮೆನಿ ಮೋರ್ ಚಿಲ್ಡ್ರನ್ ದ್ಯಾನ್ ಪ್ಲೇಟ್ಸ್?’ ಎಂಬ ಪ್ರಶ್ನೆಯಿದ್ದು, ಪಕ್ಕದಲ್ಲಿ ‘ತಟ್ಟೆಗಳಿಗಿಂತ ಮಕ್ಕಳು ಎಷ್ಟು ಹೆಚ್ಚು?’ ಎಂದಿದೆ, ವಿಷಯ ಪದವಾದ ‘ಡಿಫರೆನ್ಸ್’ ಎಂಬುದರ ಎದುರಿಗೆ ‘ವ್ಯತ್ಯಾಸ’ ಎಂದಿದೆ. ಅನುವಾದ ಎರಡೂ ಕಡೆ ಸರಿಯಾಗಿದೆ, ಆದರೂ ಕನ್ನಡವನ್ನು ಚೆನ್ನಾಗಿ ಮಾತನಾಡುವ ಮಗುವಿಗೂ ಇದರಿಂದ ಹೆಚ್ಚಿನ ನೆರವು ಸಿಗುವುದಿಲ್ಲ. ಏಕೆಂದರೆ ಇಲ್ಲಿನ ತೊಡಕು ಇಂಗ್ಲಿಷ್ ಬಾರದಿರುವುದರಿಂದ ಮಾತ್ರ ಹುಟ್ಟಿದ್ದಲ್ಲ. ಹೋಲಿಕೆಯ ಪ್ರಶ್ನೆಯ ರಚನೆಯೇ ಎಳೆಯ ಮಕ್ಕಳಿಗೆ ಕಠಿಣವಾದದ್ದು.

ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಟಾಮ್ ಹಡ್ಸನ್ 1983ರಲ್ಲಿ ಪ್ರಕಟಿಸಿದ ಅಧ್ಯಯನ. ಇಂಗ್ಲಿಷಿನಲ್ಲೇ ಬೆಳೆಯುತ್ತಿದ್ದ ಅಮೆರಿಕದ ಮಕ್ಕಳಿಗೆ ಹಕ್ಕಿಗಳೂ ಹುಳುಗಳೂ ಇರುವ ಚಿತ್ರಗಳನ್ನು ತೋರಿಸಿ, ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು ಎಂದು ಕೇಳಿದಾಗ ಶಾಲಾಪೂರ್ವ ಮಕ್ಕಳಲ್ಲಿ ಶೇ 17ರಷ್ಟು ಮಂದಿ ಮಾತ್ರ ಸರಿಯಾಗಿ ಉತ್ತರಿಸಿದರು. ಅದೇ ಚಿತ್ರವನ್ನಿಟ್ಟುಕೊಂಡು, ಹಕ್ಕಿಗಳೆಲ್ಲ ಹಾರಿ ಬಂದು ಒಂದೊಂದು ಹುಳುವನ್ನು ಹಿಡಿಯಲು ನೋಡಿದರೆ ಎಷ್ಟು ಹಕ್ಕಿಗಳಿಗೆ ಹುಳು ಸಿಗುವುದಿಲ್ಲ ಎಂದು ಕೇಳಿದಾಗ ಶೇ 83ರಷ್ಟು ಮಂದಿ ಸರಿಯುತ್ತರ ಕೊಟ್ಟರು. ಒಂದನೇ ತರಗತಿಯವರಲ್ಲಿ ಈ ಪ್ರಮಾಣ ಶೇ 64ರಿಂದ ಶೇ 100ಕ್ಕೆ ಏರಿತು. ಚಿತ್ರವಾಗಲಿ ಸಂಖ್ಯೆಯಾಗಲಿ ಬದಲಾಗಿರಲಿಲ್ಲ, ಮಕ್ಕಳಿಗೆ ಹೊಂದಿಸಿ ಎಣಿಸುವುದೂ ಗೊತ್ತಿತ್ತು. ಕೇಳುವ ರೀತಿಯಷ್ಟೇ ಬದಲಾಗಿತ್ತು. ಮಾತೃಭಾಷೆಯಲ್ಲೇ ಹೀಗಾದರೆ, ಆ ಕಠಿಣ ವಾಕ್ಯವನ್ನು ಕನ್ನಡಕ್ಕೆ ತಿರುಗಿಸುವುದೆಂದರೆ ಕಷ್ಟವನ್ನೂ ಅದರೊಡನೆಯೇ ತಿರುಗಿಸಿದಂತೆ.

ಆದ್ದರಿಂದ ಪಕ್ಕದ ಸಾಲು ಪದಕ್ಕೆ ಪದವನ್ನು ಕೊಡುವುದರ ಬದಲು ಮಗು ಮಾಡಬಹುದಾದ ಒಂದು ಕೆಲಸವನ್ನು ಹೇಳಬೇಕು. ಮೇಲಿನ ಹಾಳೆಯಲ್ಲಿ ಅದು ಹೀಗಿರಬಹುದು: ‘ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಕೊಡು. ತಟ್ಟೆ ಸಿಗದೆ ಎಷ್ಟು ಮಕ್ಕಳು ಉಳಿದರು?’ ಗಣಿತದಲ್ಲಿ ಒಂದಕ್ಕೆ ಒಂದರ ಹೊಂದಾಣಿಕೆ ಎನ್ನುವ ಪರಿಕಲ್ಪನೆ, ಅಂದರೆ ಒಂದು ಗುಂಪಿನ ಪ್ರತಿಯೊಂದಕ್ಕೂ ಇನ್ನೊಂದು ಗುಂಪಿನ ಒಂದನ್ನೇ ಜೋಡಿಸುವ ಕ್ರಮ, ‘ಒಬ್ಬೊಬ್ಬರಿಗೆ ಒಂದೊಂದು’ ಎಂಬ ಎರಡೇ ಮಾತಿನಲ್ಲಿ ಪೂರ್ತಿಯಾಗಿ ಬಂದುಬಿಡುತ್ತದೆ, ಮತ್ತು ಈ ಮಾತು ಊಟದ ಪಂಕ್ತಿಯಲ್ಲಿ ಕುಳಿತ ಯಾವ ಮಗುವಿಗೂ ಹೊಸದಲ್ಲ. ಮಗು ಗೆರೆ ಎಳೆದು ಆರು ಜೋಡಿಗಳನ್ನು ಮಾಡಿ, ಉಳಿದ ಮೂವರನ್ನು ಎಣಿಸಿದ ಮೇಲೆ ಮೂರನೆಯ ಸಾಲು ಬರಬೇಕು: ‘ಹೀಗೆ ಉಳಿದದ್ದು ಡಿಫರೆನ್ಸ್. ಡಿಫರೆನ್ಸ್ ಎಷ್ಟು?’ ಕೆಲಸ ಮೊದಲು ನಡೆದು ಹೆಸರು ಆಮೇಲೆ ಬಂದರೆ ಇಂಗ್ಲಿಷ್ ಪದಕ್ಕೆ ಅಂಟಿಕೊಳ್ಳಲು ಒಂದು ಅನುಭವ ಸಿದ್ಧವಾಗಿರುತ್ತದೆ. ‘ವ್ಯತ್ಯಾಸ’ ಎಂಬ ಪುಸ್ತಕದ ಪದವನ್ನು ಮೊದಲೇ ಎದುರಿಗಿಟ್ಟರೆ ಮಗುವಿನ ಮೇಲೆ ಒಂದರ ಬದಲು ಎರಡು ಅಪರಿಚಿತ ಪದಗಳ ಭಾರ ಬೀಳುತ್ತದೆ.

‘ಡಿಫರೆನ್ಸ್’ ಪಕ್ಕದಲ್ಲಿ ‘ಕಳೆಯುವುದು’ ಎಂದು ಬರೆಯುವ ರೂಢಿಯೂ ಇದೆ, ಅದು ಇನ್ನಷ್ಟು ದಾರಿ ತಪ್ಪಿಸುತ್ತದೆ. ಕಳೆಯುವ ಲೆಕ್ಕದಲ್ಲಿ ಇದ್ದದ್ದರಿಂದ ಒಂದಷ್ಟು ಹೋಗುತ್ತದೆ ಎಂದು ಮಗು ಕಲಿತಿರುತ್ತದೆ, ಆದರೆ ಈ ಚಿತ್ರದಲ್ಲಿ ಯಾರೂ ಎಲ್ಲಿಗೂ ಹೋಗಿಲ್ಲ. ಒಂಬತ್ತರಿಂದ ಆರನ್ನು ಕಳೆದರೂ ಉತ್ತರ ಮೂರೇ ಬರುವುದೆಂಬ ಸಂಬಂಧವನ್ನು, ಹೊಂದಿಸುವ ಕೆಲಸ ಕೈವಶವಾದ ಮೇಲೆ, ಬೇರೊಂದು ಹಾಳೆಯಲ್ಲಿ ತೋರಿಸುವುದು ಒಳ್ಳೆಯದು.

ಬರವಣಿಗೆಯ ಸಣ್ಣ ಸಂಗತಿಯೊಂದೂ ಇಲ್ಲಿ ಮುಖ್ಯ. ಹಾಳೆಯಲ್ಲಿ ಇಂಗ್ಲಿಷ್ ಪದ ಇಂಗ್ಲಿಷ್ ಲಿಪಿಯಲ್ಲೇ ಇರುವುದರಿಂದ, ಅದಕ್ಕೆ ‘ಅನ್ನು’, ‘ಇಂದ’ ಮೊದಲಾದ ವಿಭಕ್ತಿ ಪ್ರತ್ಯಯಗಳನ್ನು ಕನ್ನಡ ಲಿಪಿಯಲ್ಲಿ ಅಂಟಿಸಿದರೆ ಎರಡೂ ಲಿಪಿಗಳನ್ನು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಪದ ಎಲ್ಲಿ ಮುಗಿಯಿತೆಂಬುದೇ ತಿಳಿಯುವುದಿಲ್ಲ. ‘ಡಿಫರೆನ್ಸ್ ಎಷ್ಟು?’ ಎಂಬಲ್ಲಿ ಪದ ಪ್ರತ್ಯಯವಿಲ್ಲದೆ ನಿಲ್ಲುತ್ತದೆ. ವಾಕ್ಯಗಳನ್ನು ಹೀಗೆ ಹೊಂದಿಸಿಕೊಳ್ಳುವುದು ಹೆಚ್ಚಿನ ಕಡೆ ಸಾಧ್ಯ. ಹಾಗೆಯೇ ಒಂದು ಹಾಳೆಯಲ್ಲಿ ‘ಡಿಫರೆನ್ಸ್’ ಎಂದು ಆರಂಭಿಸಿದ ಮೇಲೆ ಅದೇ ಹಾಳೆಯಲ್ಲಿ ‘ಮೈನಸ್’, ‘ಟೇಕ್ ಅವೇ’ ಎಂದು ಬದಲಿಸಬಾರದು, ಮತ್ತು ಕನ್ನಡ ಸಾಲು ಇಂಗ್ಲಿಷ್ ಪದದ ಪಕ್ಕದಲ್ಲೇ ಇರಬೇಕು. ಎದುರುಬದುರು ಪುಟಗಳಲ್ಲಿ ಒಂದೊಂದು ಭಾಷೆಯನ್ನಿಟ್ಟರೆ ಮಗು ತನಗೆ ಸುಲಭವಾದ ಪುಟವನ್ನಷ್ಟೇ ನೋಡಿ ಮುಂದಕ್ಕೆ ಹೋಗುವ ಸಂಭವ ಹೆಚ್ಚು.

ಮಗುವಿನ ತಪ್ಪು ಉತ್ತರವು ತೊಡಕು ಎಲ್ಲಿದೆ ಎಂಬುದನ್ನು ಸಾಕಷ್ಟು ನಿಖರವಾಗಿ ಹೇಳುತ್ತದೆ. ಉತ್ತರ 15 ಎಂದಿದ್ದರೆ ಮಗು ‘ಮೋರ್’ ಎಂಬುದನ್ನು ಕೂಡಿಸುವ ಸೂಚನೆಯೆಂದು ಹಿಡಿದಿರಬೇಕು. 9 ಎಂದಿದ್ದರೆ ಯಾವುದು ಹೆಚ್ಚು ಎಂದು ಕೇಳಿದ್ದಾರೆಂದು ತಿಳಿದು ದೊಡ್ಡ ಗುಂಪನ್ನು ಎಣಿಸಿರಬೇಕು. 2 ಅಥವಾ 4 ಎಂದಿದ್ದರೆ ಪ್ರಶ್ನೆ ಅರ್ಥವಾಗಿದ್ದು ಎಣಿಕೆ ಮಾತ್ರ ತಪ್ಪಿರುವ ಸಾಧ್ಯತೆಯೇ ಹೆಚ್ಚು. ಮೊದಲೆರಡು ಉತ್ತರಗಳು ತರಗತಿಯಲ್ಲಿ ಹೆಚ್ಚಾಗಿ ಕಂಡರೆ ತಿದ್ದಬೇಕಾದದ್ದು ಹಾಳೆಯ ವಾಕ್ಯವನ್ನು. ಮಕ್ಕಳಿಂದ ಕಳೆಯುವ ಲೆಕ್ಕಗಳನ್ನು ಮತ್ತೆ ಮತ್ತೆ ಮಾಡಿಸುವುದರಿಂದ ಆ ತಪ್ಪುಗಳು ಹೋಗುವುದಿಲ್ಲ.

ಹೊಂದಿಸುವ ಸಾಲಿಗೂ ಒಂದು ಮಿತಿಯಿದೆ. ಒಬ್ಬರ ಬಳಿ 45 ಗೋಲಿ, ಇನ್ನೊಬ್ಬರ ಬಳಿ 28 ಗೋಲಿ ಇದ್ದಾಗ ಗೆರೆ ಎಳೆದು ಜೋಡಿಸುವುದು ಆಗದ ಕೆಲಸ. ಆಗ ‘ಇವಳ ಹತ್ತಿರವೂ ಅಷ್ಟೇ ಆಗಬೇಕಾದರೆ ಇನ್ನೆಷ್ಟು ಬೇಕು?’ ಎಂಬ ಸಾಲು ಉಪಯೋಗಕ್ಕೆ ಬರುತ್ತದೆ: 28ರಿಂದ 30ಕ್ಕೆ 2, 30ರಿಂದ 45ಕ್ಕೆ 15, ಒಟ್ಟು 17 ಎಂದು ಮಗು ಮೇಲಕ್ಕೆ ಎಣಿಸುತ್ತ ಹೋಗಬಹುದು.

ಇಂಗ್ಲಿಷ್ ಪದ ನಿಜಕ್ಕೂ ದಕ್ಕಿದೆಯೇ ಎಂಬುದನ್ನು ಕನ್ನಡ ಸಾಲನ್ನು ತೆಗೆದ ಹಾಳೆಯಲ್ಲೇ ನೋಡಬೇಕಾಗುತ್ತದೆ. ಆ ಹಾಳೆಯಲ್ಲಿ ‘ಮೋರ್’ ಇರುವ ಎರಡು ಬಗೆಯ ಲೆಕ್ಕಗಳು ಬೆರೆತಿರಬೇಕು: ಒಂದರಲ್ಲಿ ಎರಡು ಗುಂಪುಗಳನ್ನು ಕೊಟ್ಟು ಎಷ್ಟು ಹೆಚ್ಚು ಎಂದು ಕೇಳಿದರೆ, ಇನ್ನೊಂದರಲ್ಲಿ ಒಬ್ಬನ ಬಳಿ 8 ಇದ್ದು ಮತ್ತೊಬ್ಬಳ ಬಳಿ ಅದಕ್ಕಿಂತ 5 ಹೆಚ್ಚಿದ್ದರೆ ಅವಳ ಬಳಿ ಎಷ್ಟು ಎಂದು ಕೇಳಬೇಕು. ಎರಡನೆಯದಕ್ಕೆ ಕೂಡಿಸಿ 13 ಎಂದೂ ಮೊದಲನೆಯದಕ್ಕೆ ಉಳಿದಷ್ಟನ್ನೂ ಬರೆದು, ಏಕೆ ಹಾಗೆ ಮಾಡಿದೆ ಎಂದು ಕೇಳಿದಾಗ ತನ್ನ ಮಾತಿನಲ್ಲಿ ಹೇಳಬಲ್ಲ ಮಗುವಿಗೆ ಆ ಸಾಲಿನ ಅಗತ್ಯ ಮುಗಿದಿದೆ. ಆ ಮಾತು ಕೆಲವು ಮಕ್ಕಳಿಗೆ ಉರ್ದು, ತುಳು, ತೆಲುಗು ಅಥವಾ ಲಂಬಾಣಿಯದಾಗಿರುತ್ತದೆ. ಅಂಥ ತರಗತಿಯಲ್ಲಿ ಅಚ್ಚಾದ ಕನ್ನಡ ಸಾಲು ಅವರಿಗೆ ಮನೆಮಾತಿನ ವಿವರಣೆಯಾಗುವುದಿಲ್ಲವಾದ್ದರಿಂದ, ತಟ್ಟೆ ಹಂಚುವ ಕೆಲಸವನ್ನು ಶಿಕ್ಷಕರು ಚಿತ್ರದಲ್ಲಿ ಬಿಟ್ಟುಬಿಡದೆ ನಿಜವಾದ ತಟ್ಟೆಗಳನ್ನಿಟ್ಟು ಮಾಡಿಸಬೇಕಾಗುತ್ತದೆ.