ಎರಡು ದಿನ ತಡವಾಗಿ ಕೆಂಪಾಗುವ ಕ್ಯಾಂಡಲ್

ಮೊಬೈಲಿನಲ್ಲಿ ಷೇರಿನ ಚಾರ್ಟ್ ನೋಡುವ ಅಭ್ಯಾಸವಿರುವವರು ಇದನ್ನು ಕಂಡಿರುತ್ತಾರೆ. ಮಾಮೂಲಿ ಕ್ಯಾಂಡಲ್‌ಗಳಲ್ಲಿ ಹಸಿರು, ಕೆಂಪು, ಮತ್ತೆ ಹಸಿರು ಎಂದು ಕಲಸಿಕೊಂಡಿದ್ದ ಏರಿಕೆ, ಸೆಟ್ಟಿಂಗಿನಲ್ಲಿ Heikin Ashi ಎಂಬುದನ್ನು ಒತ್ತಿದ ಕೂಡಲೇ ಒಂದೇ ಹಸಿರು ಸಾಲಾಗಿ ಬಿಡುತ್ತದೆ. ಷೇರು ಅದೇ, ದಿನಗಳೂ ಅವೇ. ಹಾಗಾದರೆ ನಡುವಿನ ಕೆಂಪು ಎಲ್ಲಿ ಹೋಯಿತು?

ಜಪಾನಿ ಭಾಷೆಯಲ್ಲಿ ‘ಹೈಕಿನ್’ ಎಂದರೆ ಸರಾಸರಿ. ‘ಆಶಿ’ ಎಂದರೆ ಕಾಲು; ಚಾರ್ಟಿನ ಒಂದೊಂದು ಕಡ್ಡಿಗೂ ಅಲ್ಲಿ ಅದೇ ಹೆಸರು. ಜಪಾನಿನ ಹೊರಗೆ ಈ ವಿಧಾನ ಹೆಚ್ಚು ಜನರಿಗೆ ಗೊತ್ತಾದದ್ದು 2004ರಲ್ಲಿ, ಡಾನ್ ವಾಲ್ಕು ಅಮೆರಿಕದ ಒಂದು ಟ್ರೇಡಿಂಗ್ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದ ಮೇಲೆ. ಹೆಸರಿನಲ್ಲೇ ಇರುವಂತೆ ಇಲ್ಲಿ ಕಾಣುವುದು ಬೆಲೆಯಲ್ಲ, ಬೆಲೆಗಳ ಸರಾಸರಿ.

ಮಾಮೂಲಿ ಕ್ಯಾಂಡಲ್‌ಗೆ ನಾಲ್ಕು ಬೆಲೆ ಸಾಕು: ದಿನ ಶುರುವಾದದ್ದು, ಅತಿ ಮೇಲೆ ಹೋದದ್ದು, ಅತಿ ಕೆಳಗಿಳಿದದ್ದು, ಮುಗಿದದ್ದು. ಇವನ್ನು ಕ್ರಮವಾಗಿ O, H, L, C ಎನ್ನೋಣ. ಹೈಕಿನ್ ಆಶಿ ಇವುಗಳಿಂದಲೇ ಬೇರೆ ನಾಲ್ಕನ್ನು ಕಟ್ಟುತ್ತದೆ.

```
HA Close = (O + H + L + C) / 4
HA Open  = (ನಿನ್ನೆಯ HA Open + ನಿನ್ನೆಯ HA Close) / 2
HA High  = H, HA Open, HA Close ಇವುಗಳಲ್ಲಿ ದೊಡ್ಡದು
HA Low   = L, HA Open, HA Close ಇವುಗಳಲ್ಲಿ ಚಿಕ್ಕದು
```

ಇದರ ಗುಟ್ಟೆಲ್ಲ ಎರಡನೇ ಸಾಲಿನಲ್ಲಿದೆ. ಇಂದಿನ ಕ್ಯಾಂಡಲ್ ಶುರುವಾಗುವುದು ಮಾರುಕಟ್ಟೆ ಬಾಗಿಲು ತೆರೆದ ಬೆಲೆಯಲ್ಲಿ ಅಲ್ಲ, ನಿನ್ನೆಯ ಕ್ಯಾಂಡಲ್‌ನ ನಟ್ಟನಡುವೆ. ನಿನ್ನೆಯದು ಮೊನ್ನೆಯದರ ನಡುವೆ ಶುರುವಾಗಿತ್ತು. ಹೀಗೆ ಹಳೆಯ ದಿನಗಳೆಲ್ಲ ಇಂದಿನ ಲೆಕ್ಕದೊಳಗೆ ಕೂತಿರುತ್ತವೆ. ನಿನ್ನೆಯ ಸರಾಸರಿಗೆ ಅರ್ಧ ಪಾಲು, ಮೊನ್ನೆಯದಕ್ಕೆ ಕಾಲು, ಅದರ ಹಿಂದಿನದಕ್ಕೆ ಅರೆಕಾಲು. ಮೊಟ್ಟಮೊದಲ ಕ್ಯಾಂಡಲ್‌ಗೆ ನಿನ್ನೆ ಎಂಬುದಿಲ್ಲವಾದ್ದರಿಂದ ಅಲ್ಲಿ O ಮತ್ತು C ಎರಡರ ಸರಾಸರಿ ಹಾಕುವುದು ವಾಡಿಕೆ. ಹತ್ತು ದಿನ ಕಳೆಯುವಷ್ಟರಲ್ಲಿ ಅದರ ಪಾಲು ಸಾವಿರದಲ್ಲಿ ಒಂದರಷ್ಟಕ್ಕೆ ಇಳಿದಿರುತ್ತದೆ, ಚಿಂತೆ ಬೇಡ.

ಕಾಗದದ ಮೇಲೆ ಒಂದು ಷೇರನ್ನು ಎಂಟು ದಿನ ನಡೆಸಿ ನೋಡೋಣ. ಅಂಕಿಗಳು ನಾನು ಮಾಡಿಕೊಂಡವು, ಲೆಕ್ಕ ಮಾತ್ರ ನಿಜ. ಮೊದಲ ದಿನ 100ಕ್ಕೆ ಶುರುವಾಗಿ, 108ಕ್ಕೆ ಏರಿ, 100ಕ್ಕಿಂತ ಕೆಳಗೆ ಹೋಗದೆ 104ಕ್ಕೆ ಮುಗಿಯಿತು. HA Open 102, HA Close 103. ಎರಡನೇ ದಿನ ಶುರು 104, ಗರಿಷ್ಠ 111, ಕನಿಷ್ಠ 103, ಮುಕ್ತಾಯ 110. ನಾಲ್ಕರ ಸರಾಸರಿ 107. ಕ್ಯಾಂಡಲ್ ಶುರುವಾಗುವುದು 102 ಮತ್ತು 103ರ ನಡುವೆ, ಅಂದರೆ 102.50ರಲ್ಲಿ. ದಿನದ ಕನಿಷ್ಠ ಬೆಲೆಯೂ ಅದಕ್ಕಿಂತ ಮೇಲೇ ಇರುವುದರಿಂದ ಕೆಳಗೆ ಬತ್ತಿ ಮೂಡುವುದಿಲ್ಲ. ಕೆಳಬತ್ತಿಯಿಲ್ಲದ ಹಸಿರು ಗಟ್ಟಿ ಏರಿಕೆಯ ಗುರುತು ಎಂದು ಟ್ರೇಡರ್‌ಗಳು ಓದುತ್ತಾರೆ. ಅದನ್ನು ನಂಬಿ ಒಬ್ಬರು ದಿನದ ಕೊನೆಗೆ 110ಕ್ಕೆ ಕೊಂಡರು ಎನ್ನಿ.

ಮೂರನೇ ದಿನ ಷೇರು 111ಕ್ಕೆ ಶುರುವಾಗಿ, 112 ಮುಟ್ಟಿ, 106ಕ್ಕೆ ಜಾರಿ, 107ಕ್ಕೆ ಮುಗಿಯಿತು. ಮಾಮೂಲಿ ಚಾರ್ಟಿನಲ್ಲಿ ದಪ್ಪನೆಯ ಕೆಂಪು. ಹೊಸದಾಗಿ ಕೊಂಡವರ ಕೈ ನಡುಗಿ ಮಾರುವುದು ಇಂಥ ದಿನವೇ. ಆದರೆ ಆ ದಿನದ ಸರಾಸರಿ 109, HA Open 104.75. ಹೈಕಿನ್ ಆಶಿಯಲ್ಲಿ ಮತ್ತೆ ಕೆಳಬತ್ತಿಯಿಲ್ಲದ ಹಸಿರು. ಕಳೆದುಹೋದ ಕೆಂಪು ಇದೇ. ನಾಲ್ಕನೇ ದಿನ ಷೇರು 116ಕ್ಕೂ ಐದನೇ ದಿನ 122ಕ್ಕೂ ಹೋಗಿ ಮುಗಿಯಿತು. ಸಣ್ಣ ಕುಸಿತಕ್ಕೆ ಬೆದರಿ ಹೊರಬೀಳದಂತೆ ಹಿಡಿದು ನಿಲ್ಲಿಸಿದ್ದು ಸರಾಸರಿ. ಈ ವಿಧಾನದ ಉಪಕಾರ ಸಣ್ಣದಲ್ಲ.

ಹಿಡಿದು ನಿಲ್ಲಿಸುವ ಆ ಗುಣವೇ ಈಗ ಅಡ್ಡ ಬರುತ್ತದೆ. ಆರನೇ ದಿನ ಷೇರು 123ಕ್ಕೆ ಶುರುವಾಗಿ, 124 ಮುಟ್ಟಿ, 117ಕ್ಕೆ ಇಳಿದು, 118ಕ್ಕೆ ಮುಗಿಯಿತು. ಮಾಮೂಲಿ ಚಾರ್ಟ್ ಕೆಂಪು. ಹೈಕಿನ್ ಆಶಿಯಲ್ಲಿ ಕ್ಯಾಂಡಲ್ ಶುರುವಾಗಿರುವುದು ಇನ್ನೂ 114.22ರಲ್ಲಿ, ಸರಾಸರಿ 120.50. ಮತ್ತೂ ಹಸಿರು, ಕೆಳಬತ್ತಿಯೂ ಇಲ್ಲ. ಏಳನೇ ದಿನ 119ರಿಂದ 116ಕ್ಕೆ. ನಡುವೆ 120 ಮತ್ತು 115 ಎರಡನ್ನೂ ಮುಟ್ಟಿತು. ಸರಾಸರಿ 117.50, ಶುರು 117.36. ಕೂದಲೆಳೆಯಷ್ಟು ಹಸಿರು, ಎರಡೂ ಕಡೆ ಬತ್ತಿ. ಎಂಟನೇ ದಿನ 115ಕ್ಕೆ ಶುರುವಾಗಿ, 116 ಮುಟ್ಟಿ, 108ರವರೆಗೆ ಹೋಗಿ, 109ಕ್ಕೆ ಮುಗಿಯಿತು. ಆಗ ಸರಾಸರಿ 112, ಶುರು 117.43. ಮೇಲ್ಬತ್ತಿಯಿಲ್ಲದ ಗಟ್ಟಿ ಕೆಂಪು, ಮಾರು ಎಂಬ ಸೂಚನೆ. ಬಂದದ್ದು ಎರಡು ದಿನ ತಡವಾಗಿ. 124ರವರೆಗೆ ಹೋಗಿದ್ದ ಷೇರನ್ನು 110ಕ್ಕೆ ಕೊಂಡವರು 109ಕ್ಕೆ ಮಾರಿದರು.

ಈ ತಡಕ್ಕೆ ನಿಖರವಾದ ಅಳತೆ ಇದೆ. ಬಣ್ಣ ಬದಲಾಗಬೇಕಾದರೆ ಇಂದಿನ ನಾಲ್ಕು ಬೆಲೆಗಳ ಸರಾಸರಿ ನಿನ್ನೆಯ ಹೈಕಿನ್ ಆಶಿ ಬಾಡಿಯ ನಡುಭಾಗಕ್ಕಿಂತ ಕೆಳಗೆ ಬೀಳಬೇಕು. ಸರಾಸರಿ ದಿನಕ್ಕೆ 5 ರೂಪಾಯಿಯಂತೆ ಒಂದೇ ಸಮ ಏರುತ್ತಿದ್ದರೆ ಬಾಡಿಯ ಉದ್ದ 10 ರೂಪಾಯಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಕೆಂಪಾಗಲು ಒಂದೇ ದಿನದಲ್ಲಿ ಸರಾಸರಿ 5 ರೂಪಾಯಿಗಿಂತ ಹೆಚ್ಚು ಬೀಳಬೇಕು. ಏರಿಕೆ ಕಡಿದಾಗಿದ್ದಷ್ಟೂ ತಿರುವನ್ನು ಒಪ್ಪಲು ಚಾರ್ಟಿಗೆ ಹೆಚ್ಚು ಪುರಾವೆ ಬೇಕು. ಸರಾಸರಿ ಏರದೆ ಇಳಿಯದೆ ನಿಂತುಬಿಟ್ಟರೆ? ಬಾಡಿ 10, 5, 2.50 ಎಂದು ದಿನದಿನಕ್ಕೆ ಅರ್ಧವಾಗುತ್ತದೆ, ಬಣ್ಣ ಮಾತ್ರ ಹಸಿರೇ. ಆದ್ದರಿಂದ ಬಣ್ಣಕ್ಕೆ ಕಾಯುವವರಿಗಿಂತ, ಬಾಡಿ ಕುಗ್ಗಿ ಕೆಳಬತ್ತಿ ಮೂಡಿದ್ದನ್ನು ಗಮನಿಸುವವರಿಗೆ ಸುದ್ದಿ ಬೇಗ ಸಿಗುತ್ತದೆ. ನಮ್ಮ ಷೇರಿನಲ್ಲಿ ಏಳನೇ ದಿನ ಹೇಳಿದ್ದು ಅದನ್ನೇ. ಹಾಗೆಂದು ಪ್ರತಿ ಸಣ್ಣ ಬಾಡಿಯೂ ತಿರುವಲ್ಲ. ಎಷ್ಟೋ ಸಲ ಅದು ಏರಿಕೆ ಉಸಿರು ತೆಗೆದುಕೊಳ್ಳುವ ಜಾಗ.

ತಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ತೊಡಕು. ಹೈಕಿನ್ ಆಶಿ ಚಾರ್ಟಿನಲ್ಲಿ ಎರಡನೇ ದಿನ 107ಕ್ಕೆ ಮುಗಿದಂತೆ ಕಾಣುತ್ತದೆ, ಎಂಟನೇ ದಿನ 112ಕ್ಕೆ. ಹಳೆಯ ಅಂಕಿಗಳ ಮೇಲೆ ತಂತ್ರವೊಂದನ್ನು ಪರೀಕ್ಷಿಸುವ ಪ್ರೋಗ್ರಾಂ ಈ ಬೆಲೆಗಳಲ್ಲೇ ಕೊಂಡು ಮಾರಿದಂತೆ ಲೆಕ್ಕ ಹಾಕಿದರೆ 5 ರೂಪಾಯಿ ಲಾಭ ತೋರಿಸುತ್ತದೆ. ಆ ದಿನದ ಕೊನೆಗೆ ಯಾರಿಗೂ 107ಕ್ಕೆ ಷೇರು ಸಿಗುತ್ತಿರಲಿಲ್ಲ, ಯಾರೂ 112 ಕೊಡುತ್ತಿರಲಿಲ್ಲ. ನಿಜದಲ್ಲಿ ಆದದ್ದು 1 ರೂಪಾಯಿ ನಷ್ಟ, ಬ್ರೋಕರೇಜ್ ಬೇರೆ. ‘ತೊಂಬತ್ತು ಭಾಗ ಗೆಲುವು’ ಎಂದು ಯಾರಾದರೂ ಇಂಥ ಪರೀಕ್ಷೆಯ ಫಲಿತಾಂಶ ತೋರಿಸಿದರೆ, ಕೊಂಡು ಮಾರಿದ ಬೆಲೆ ಯಾವ ಚಾರ್ಟಿನದು ಎಂದು ಮೊದಲು ಕೇಳಬೇಕು. ಕಂಪನಿಯ ಫಲಿತಾಂಶ ಸಂಜೆ ಬಂದು ಮರುದಿನ ಬೆಳಿಗ್ಗೆ 9:15ಕ್ಕೆ ಬೆಲೆ ಜಿಗಿದು ತೆರೆದುಕೊಂಡ ಗ್ಯಾಪ್ ಕೂಡ ಇಲ್ಲಿ ಕಾಣುವುದಿಲ್ಲ, ಏಕೆಂದರೆ ಪ್ರತಿ ಕ್ಯಾಂಡಲ್ ಹಿಂದಿನದರ ಹೊಟ್ಟೆಯಿಂದಲೇ ಹೊರಡುತ್ತದೆ.

ನನಗೆ ಸರಿಯೆನಿಸುವ ಬಳಕೆ ಹೀಗಿದೆ. ಷೇರಿನಲ್ಲಿ ನಿಲ್ಲಬೇಕೇ ಎಂಬುದನ್ನು ಹೈಕಿನ್ ಆಶಿ ಹೇಳಲಿ. ಯಾವ ಬೆಲೆಗೆ ಹೊರಬೀಳಬೇಕು ಎಂಬುದನ್ನು ಮಾಮೂಲಿ ಚಾರ್ಟ್ ಹೇಳಲಿ. ಮಾಮೂಲಿ ಕ್ಯಾಂಡಲ್ ಕೆಂಪಾದ ದಿನ ಅದರ ಕನಿಷ್ಠ ಬೆಲೆಯ ಕೆಳಗೆ ಸ್ಟಾಪ್‌ಲಾಸ್ ಇಟ್ಟುಕೊಂಡಿದ್ದರೆ, ಮೂರನೇ ದಿನದ 106ನ್ನು ನಾಲ್ಕನೇ ದಿನ ಯಾರೂ ಮುಟ್ಟಲಿಲ್ಲ, ಷೇರು ಕೈಯಲ್ಲೇ ಉಳಿಯುತ್ತಿತ್ತು. ಆರನೇ ದಿನದ 117 ಮಾತ್ರ ಏಳನೇ ದಿನವೇ ಮುರಿಯಿತು. ಆ ಬೆಲೆಯ ಆಸುಪಾಸಿನಲ್ಲಿ ಮಾರಾಟವಾಗಿ 6-7 ರೂಪಾಯಿ ಉಳಿಯುತ್ತಿತ್ತು. ಎಂಟು ದಿನದ ಒಂದು ಕಾಗದದ ಲೆಕ್ಕ ಯಾವ ನಿಯಮವನ್ನೂ ಸಾಬೀತು ಮಾಡುವುದಿಲ್ಲ. ತಿಂಗಳುಗಟ್ಟಲೆ ಏರುವ ಷೇರಿನಲ್ಲಿ ಎರಡು ತುದಿಯ ತಡ ಲಾಭದ ಸಣ್ಣ ಭಾಗವನ್ನಷ್ಟೇ ತಿನ್ನುತ್ತದೆ, ಅಲ್ಲಿ ಬಿಗಿಯಾದ ಸ್ಟಾಪ್‌ಲಾಸ್ ಇಟ್ಟವರು ಬೇಗ ಹೊರಬಿದ್ದು ಉಳಿದ ಏರಿಕೆಯನ್ನು ದೂರದಿಂದ ನೋಡಬೇಕಾದೀತು. ನಮ್ಮ ಷೇರಿನಂತೆ ಎಂಟೇ ದಿನದಲ್ಲಿ ಏರಿ ಇಳಿಯುವುದರಲ್ಲಿ ಅದೇ ತಡ ಲಾಭವನ್ನು ಪೂರ್ತಿ ನುಂಗಿಬಿಡುತ್ತದೆ.