ತೆರೆದವರೆಷ್ಟು, ಕೊಂಡವರೆಷ್ಟು?

ಕೋರ್ಸ್ ಪ್ರಾಜೆಕ್ಟ್‌ಗೆ ಚಟ್ನಿಪುಡಿ ಮಾರುವ ಪುಟ್ಟ ಆನ್‌ಲೈನ್ ಅಂಗಡಿಯೊಂದನ್ನು ಆರಿಸಿಕೊಂಡಿದ್ದೀರಿ ಎನ್ನೋಣ. 500 ಜನರಿಗೆ ಇಮೇಲ್ ಕಳಿಸಿದಿರಿ, 10 ವಾಪಸ್ ಬಂದವು. ಲೆಕ್ಕವೆಲ್ಲ ತಲುಪಿದ 490ರ ಮೇಲೆಯೇ. 245 ಮಂದಿ ತೆರೆದರೆ ಓಪನ್ ರೇಟ್ ಶೇ 50.

ಆದರೆ ಇಷ್ಟಕ್ಕೇ ಹಿಗ್ಗುವಂತಿಲ್ಲ. ಮೇಲ್‌ನಲ್ಲಿ ಅಡಗಿಸಿಟ್ಟ ಚುಕ್ಕೆಯಷ್ಟು ಚಿತ್ರ ಲೋಡ್ ಆದರೆ ಮೇಲ್ ತೆರೆದಂತೆ ಲೆಕ್ಕ. 2021ರಲ್ಲಿ ಬಂದ ಖಾಸಗಿತನದ ಸೌಲಭ್ಯ ಆನ್ ಇದ್ದರೆ, ಆಪಲ್‌ನ ಮೇಲ್ ಆ್ಯಪ್ ಓದುಗರು ಮುಟ್ಟದಿದ್ದರೂ ಆ ಚಿತ್ರವನ್ನು ಲೋಡ್ ಮಾಡಿಬಿಡುತ್ತದೆ.

ಹಾಗಾಗಿ ಕ್ಲಿಕ್ ನೋಡಿ. 49 ಮಂದಿ, ಅಂದರೆ ಶೇ 10ರಷ್ಟು ಜನ ಲಿಂಕ್ ಒತ್ತಿದರು, ಕೊಂಡವರು ಇಬ್ಬರೇ. ಮೇಲ್ ತನ್ನ ಕೆಲಸ ಮಾಡಿದೆ, ಗಿರಾಕಿಗಳು ಹಿಂದೆ ಸರಿದದ್ದು ಅಂಗಡಿಯ ಪುಟದಲ್ಲಿ. ಬಿಲ್‌ನ ಕೊನೆಗೆ ಸೇರುವ ಕೊರಿಯರ್ ಶುಲ್ಕವನ್ನು ಮೊದಲು ಪರಿಶೀಲಿಸಿ.

ಸರಣಿಗೆ ಮೂರು ಮೇಲ್ ಸಾಕು: ಹೆಸರು ನೋಂದಾಯಿಸಿದ ದಿನ ಸ್ವಾಗತ, ಮೂರನೇ ದಿನ ಪುಡಿಯ ಬಳಕೆ, ಏಳನೇ ದಿನ ಕೂಪನ್. ಕೊಂಡವರು ಸರಣಿಯಿಂದ ತಾನಾಗಿ ಹೊರಬೀಳುವಂತೆ ನಿಯಮ ಹಾಕಿ. ಇಲ್ಲವಾದರೆ ಪೂರ್ತಿ ಬೆಲೆ ಕೊಟ್ಟವರಿಗೇ ಆಮೇಲೆ ರಿಯಾಯಿತಿ ಹೋಗುತ್ತದೆ. ಪ್ರತಿ ಮೇಲ್‌ನ ನಂತರ ಅನ್‌ಸಬ್‌ಸ್ಕ್ರೈಬ್ ಆದವರನ್ನು ಎಣಿಸಿ. ಆ ಸಂಖ್ಯೆ ಎಲ್ಲಿ ಜಿಗಿಯುತ್ತದೋ ಆ ಮೇಲ್ ತಿದ್ದಿ.